ಬಳಪದ ಕಲ್ಲು ಸೀಮೆಸುಣ್ಣವಾದ ಬಗೆ

ಹರಿಹರದಿಂದ ದಾವಣಗೆರೆಗೆ ಮರಳುವಾಗ ಬಸ್ಸಿನಲ್ಲಿ ಹಲ್ಲು ಕಡಿಯುತ್ತಾ ಕುಳಿತಿದ್ದೆ. ಪಕ್ಕದವರು ಹಲ್ಲುನೋವೇ ಎಂದು ವಿಚಾರಿಸಿದರು. ಅಲ್ಲ ಸ್ವಾಮಿ, ದುಭಾಷಿತನದ ನೋವು.

ಹರಿಹರೇಶ್ವರ ದೇವಾಲಯಕ್ಕೆ ಫ್ರೆಂಚರ ಗುಂಪೊಂದು ಬಂದಿತ್ತು. ಮಾರ್ಗದರ್ಶಿಗೆ ಕನ್ನಡ ಮಾತ್ರ, ಅವರಿಗೆ ಫ್ರೆಂಚ್ ಮಾತ್ರ, ನಡುವೆ ದುಭಾಷಿಯಾಗಿ ಒಬ್ಬ ಹುಡುಗ. ಮಾರ್ಗದರ್ಶಿ ತಿಳಿದವರೇ: ಹೊಯ್ಸಳ ದೊರೆ ಇಮ್ಮಡಿ ನರಸಿಂಹ, ಗುಡಿ ಕಟ್ಟಿಸಿದ ದಂಡನಾಯಕ ಪೋಲಾಳ್ವ, ಇಸವಿ 1224, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ನೆತ್ತಿಯ ಮೇಲಿನ ಭುವನೇಶ್ವರಿಯ, ಅಂದರೆ ಕೆತ್ತನೆಯ ಛಾವಣಿಯ, ತಾವರೆಯನ್ನು ತೋರಿಸಿದರು, ಅದೇ ಉಸಿರಿನಲ್ಲಿ ಕಂಬಕ್ಕೆ ಬಂದರು. ಹುಡುಗ ಬಾಯಿ ತೆರೆಯುವ ಹೊತ್ತಿಗೆ ಅವರ ಬೆರಳು ಕಂಬದ ಮೇಲಿತ್ತು. ಪಾಪದ ಅತಿಥಿಗಳು ತಾವರೆಯ ವಿವರಣೆ ಕೇಳುತ್ತಾ ಕಂಬದಲ್ಲಿ ಎಸಳು ಹುಡುಕುತ್ತಿದ್ದರು!

ಮಾರ್ಗದರ್ಶಿ ಮಾಡಬೇಕಾದ್ದು ಇಷ್ಟೇ: ಒಂದು ವಸ್ತು, ಎರಡು ಮೂರು ವಾಕ್ಯ, ನಿಲುಗಡೆ. ಬೆರಳು ಅಲ್ಲೇ ಇರಬೇಕು. ದುಭಾಷಿ ಮೊದಲು ಜಾಗ ಹೇಳಬೇಕು, 'ತಲೆಯ ಮೇಲೆ, ನಡುವಿನ ಚೌಕ' ಎಂದು. ಕಣ್ಣುಗಳು ಅಲ್ಲಿಗೆ ತಲುಪಿದ ಮೇಲೆ ವಿಷಯ. ಇಸವಿ ಮತ್ತು ಹೆಸರನ್ನು ಚೀಟಿಯಲ್ಲಿ ಗೀಚಿಕೊಳ್ಳಲೇಬೇಕು, ಏಕೆಂದರೆ ಉಳಿದದ್ದನ್ನು ಅರ್ಥದಿಂದ ಕಟ್ಟಬಹುದು, 1224ನ್ನು ಕಟ್ಟಲಾಗದು. ಹುಡುಗನ ಕೈಯಲ್ಲಿ ಚೀಟಿಯೂ ಇರಲಿಲ್ಲ. ನಾಲ್ಕು ನಿಮಿಷದ ಮಾತು 'ಬಹಳ ಹಳೆಯದು, ಬಹಳ ಸುಂದರ' ಎಂಬಲ್ಲಿಗೆ ಮುಗಿಯಿತು. ಇಷ್ಟು ಹೇಳಲು ದುಭಾಷಿ ಏಕೆ ಬೇಕು, ಅವರಿಗೆ ಕಣ್ಣಿಲ್ಲವೇ?

ನಿಲ್ಲಿಸಿದರೆ ಓಘ ತಪ್ಪುತ್ತದೆ ಎಂದು ಮಾರ್ಗದರ್ಶಿ ನನಗೇ ಹೇಳಿದರು. ಯಾರ ಓಘ ಸ್ವಾಮಿ? ಕೇಳುವವರಿಗೆ ಅದು ತುಂಗಭದ್ರೆಯ ಸದ್ದಿನಷ್ಟೇ ಅರ್ಥವಾಗುತ್ತಿತ್ತು.

ಹುಡುಗನನ್ನು ಹೆಚ್ಚು ಬಯ್ಯಲಾರೆ. ಎಷ್ಟೋ ವರ್ಷಗಳ ಹಿಂದೆ ಇದೇ ಗರ್ಭಗುಡಿಯ ಮುಂದೆ ನಾನೇ ಮುಗ್ಗರಿಸಿದ್ದೇನೆ. 'ಬಲಭಾಗ ಶಿವ, ಎಡಭಾಗ ವಿಷ್ಣು' ಎಂದಿದ್ದನ್ನು ಹಾಗೆಯೇ ದಾಟಿಸಿದೆ. ಅದು ಮೂರ್ತಿಯ ಬಲ. ಎದುರು ನಿಂತವರಿಗೆ ಎಡ. ಇಡೀ ಗುಂಪು ವಿಷ್ಣುವಿನ ಭಾಗವನ್ನು ನೋಡುತ್ತಾ ಶಿವನೆಂದು ತಲೆದೂಗಿತು. ನನಗೆ ತಿಳಿದದ್ದು ರಾತ್ರಿ ಊಟದ ಹೊತ್ತಿಗೆ. ಆಮೇಲಿನಿಂದ 'ನಿಮ್ಮ ಎಡಗಡೆ, ಅಂದರೆ ದೇವರ ಬಲಗಡೆ' ಎಂದೇ ಹೇಳುತ್ತೇನೆ, ಉದ್ದವಾದರೂ ಸರಿ.

ಮತ್ತೆ ಆ ಕಂಬ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು, ಅದಕ್ಕೇ ಇಷ್ಟು ನುಣುಪಾಗಿ ಕಡೆಯಲು ಆಯಿತು ಎಂದು ಮಾರ್ಗದರ್ಶಿ ಚೆನ್ನಾಗಿಯೇ ವಿವರಿಸಿದರು. ಹುಡುಗ 'ಬಳಪ'ದಲ್ಲಿ ಸಿಕ್ಕಿಕೊಂಡ. 'ಸ್ಟೆಯಾಟಿತ್' ಎನ್ನಬೇಕಾದಲ್ಲಿ 'ಕ್ರೆ' ಎಂದ, ಅಂದರೆ ಶಾಲೆಯ ಸೀಮೆಸುಣ್ಣ. ಗೊತ್ತಿಲ್ಲದಿದ್ದರೆ 'ಮೆತ್ತಗಿನ ಒಂದು ಕಲ್ಲು' ಎಂದರೆ ಸಾಕಿತ್ತು.

ಗುಂಪು ಹೊರಟಿತು. ಕೊನೆಯಲ್ಲಿದ್ದ ಅಜ್ಜ ಒಬ್ಬರು ಹಿಂದಿರುಗಿ ಬಂದು ಕಂಬವನ್ನು ಹೆಬ್ಬೆರಳಿನಿಂದ ಉಜ್ಜಿ, ಬಿಳಿ ಅಂಟಿದೆಯೇ ಎಂದು ಬೆರಳು ನೋಡಿಕೊಂಡರು.