8,20,000 ರೂಪಾಯಿ ಹೆಚ್ಚುವರಿ, ಖರ್ಚಿಗೆ ಸಿಗುವುದು ಎಷ್ಟು? ನಮ್ಮ ಅಪಾರ್ಟ್‌ಮೆಂಟ್ ಸಂಘದ ಸದಸ್ಯರಿಗೆ ಖಜಾಂಚಿಯ ಪತ್ರ

ಮಾನ್ಯ ಸದಸ್ಯರೇ,

ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕಪತ್ರ ಲೆಕ್ಕಪರಿಶೋಧಕರ ಸಹಿಯೊಂದಿಗೆ ತಮ್ಮೆಲ್ಲರ ಕೈ ಸೇರಿದೆ. ಅದರ ಆದಾಯ-ವೆಚ್ಚ ಪಟ್ಟಿಯಲ್ಲಿ ಆದಾಯ 55,00,000, ವೆಚ್ಚ 46,80,000, ಹೆಚ್ಚುವರಿ 8,20,000 ರೂಪಾಯಿ ಎಂದಿದೆ. ಇದನ್ನು ನೋಡಿದ ಕೆಲವರು ಮಕ್ಕಳ ಆಟದ ಜಾಗವನ್ನು ಹೊಸದಾಗಿ ಮಾಡಿಸೋಣ ಎಂದು ಕೇಳಿದ್ದಾರೆ; ಇನ್ನು ಕೆಲವರು ಇಷ್ಟು ಹಣ ಉಳಿದಿರುವಾಗ ತಿಂಗಳ ಮೇಂಟೆನೆನ್ಸ್ ಇಳಿಸಬಾರದೇಕೆ ಎಂದು ಕೇಳಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅದೇ ವರ್ಷದಲ್ಲಿ ನಮ್ಮ ಉಳಿತಾಯ ಖಾತೆಯ ಮೊತ್ತ 5,10,000ದಿಂದ 6,50,000ಕ್ಕೆ, ಅಂದರೆ 1,40,000 ರೂಪಾಯಿಯಷ್ಟು ಮಾತ್ರ ಏರಿದೆ. ಮಿಕ್ಕ 6,80,000 ಎಲ್ಲಿ ಹೋಯಿತು ಎಂಬುದನ್ನು ವಿವರಿಸುವುದು ಖಜಾಂಚಿಯಾಗಿ ನನ್ನ ಹೊಣೆ.

ಮೊದಲು ದೊಡ್ಡ ಬಾಬ್ತು. ಪ್ರತಿ ತಿಂಗಳ 1ನೇ ತಾರೀಖಿಗೆ ನಮ್ಮ 96 ಮನೆಗಳಿಗೂ ತಲಾ 4,500 ರೂಪಾಯಿಯ ಬಿಲ್ ಹೋಗುತ್ತದೆ, ಮತ್ತು ಬಿಲ್ ಹೋದ ದಿನವೇ 4,32,000 ರೂಪಾಯಿ ಪುಸ್ತಕದಲ್ಲಿ ಆದಾಯವಾಗಿ ದಾಖಲಾಗುತ್ತದೆ. ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಎಂಬುದಕ್ಕೂ ಈ ದಾಖಲೆಗೂ ಸಂಬಂಧವಿಲ್ಲ. ಕಟ್ಟದವರ ಹೆಸರಿನಲ್ಲಿ ಬಾಕಿ ನಿಲ್ಲುತ್ತದೆ, ಅಷ್ಟೆ. ಹೀಗೆ ನಿಂತ ಬಾಕಿ ಹಿಂದಿನ ಮಾರ್ಚ್ ಕೊನೆಗೆ 2,10,000 ಇದ್ದದ್ದು ಈ ಮಾರ್ಚ್ ಕೊನೆಗೆ 6,50,000ಕ್ಕೆ ಏರಿದೆ. ಬ್ಯಾಂಕಿನಲ್ಲಿರುವ ಹಣವೂ ಇಷ್ಟೇ ಆಗಿರುವುದು ಕಾಕತಾಳೀಯ. ದಯವಿಟ್ಟು ಎರಡನ್ನೂ ಬೆರೆಸಿಕೊಳ್ಳಬೇಡಿ. ಬಾಕಿಯಲ್ಲಿ ಆದ 4,40,000ದ ಏರಿಕೆ, ನಾವು ಆದಾಯವೆಂದು ಬರೆದುಕೊಂಡರೂ ನಮ್ಮ ಕೈಗೆ ಬಾರದ ಹಣ. ಇದರಲ್ಲಿ 1,62,000 ರೂಪಾಯಿ ಬಿಲ್ಡರ್ ಹೆಸರಿನಲ್ಲೇ ಉಳಿದಿರುವ, ಮಾರಾಟವಾಗದ ಮೂರು ಮನೆಗಳದ್ದು. ಆ ಮೂರು ಮನೆಗಳ ಹಿಂದಿನ ವರ್ಷದ 1,62,000 ಕೂಡ ಹಾಗೆಯೇ ನಿಂತಿದೆ. ಉಳಿದದ್ದು ಮನೆ ಖಾಲಿ ಬಿಟ್ಟಿರುವ, ಅಥವಾ ಬಾಡಿಗೆಯವರು ಕಟ್ಟುತ್ತಾರೆಂದು ಮಾಲೀಕರೂ ಮಾಲೀಕರು ಕಟ್ಟುತ್ತಾರೆಂದು ಬಾಡಿಗೆಯವರೂ ಸುಮ್ಮನಿರುವ ಕೆಲವು ಮನೆಗಳಿಗೆ ಸೇರಿದ್ದು. ಇಡೀ ಲೆಕ್ಕಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತರುವ ಅಂಕಿ ಇದೊಂದೇ. ಬಾಕಿ ಹೆಚ್ಚುತ್ತ ಹೋದರೂ ಹೆಚ್ಚುವರಿ ಕಿಂಚಿತ್ತೂ ಕಡಿಮೆಯಾಗಿ ಕಾಣುವುದಿಲ್ಲವಾದ್ದರಿಂದ, ಮೊದಲ ಪುಟವನ್ನಷ್ಟೇ ಓದಿದವರಿಗೆ ಸಂಘ ಸುಭದ್ರವಾಗಿದೆ ಎಂದೇ ತೋರುತ್ತದೆ.

ಎರಡನೆಯದು ಠೇವಣಿಯ ಬಡ್ಡಿ. ಮನೆ ಕೊಳ್ಳುವಾಗ ನಾವೆಲ್ಲ ಒಮ್ಮೆ ಕಟ್ಟಿದ ಕಾರ್ಪಸ್ ನಿಧಿಯ 40 ಲಕ್ಷ ರೂಪಾಯಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿದೆ. ಅದರ ಈ ವರ್ಷದ ಬಡ್ಡಿ 2,40,000. ಇದು ಆದಾಯದ ಪಟ್ಟಿಯಲ್ಲಿದೆ, ಆದರೆ ಉಳಿತಾಯ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಬ್ಯಾಂಕು 24,000 ರೂಪಾಯಿ ಟಿಡಿಎಸ್ ಕಡಿದುಕೊಂಡು ಉಳಿದ 2,16,000ವನ್ನು ಠೇವಣಿಗೇ ಸೇರಿಸಿದೆ. ಸದಸ್ಯರಿಂದ ಸದಸ್ಯರಿಗಾಗಿಯೇ ಸಂಗ್ರಹಿಸಿದ ಹಣಕ್ಕೆ ಇರುವ ತೆರಿಗೆ ರಕ್ಷಣೆ ಬ್ಯಾಂಕ್ ಠೇವಣಿಯ ಬಡ್ಡಿಗೆ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಹೇಳಿದೆ, ಆದ್ದರಿಂದ ಈ ಬಡ್ಡಿಯನ್ನು ತೆರಿಗೆಯ ಲೆಕ್ಕಕ್ಕೆ ತೋರಿಸಲೇಬೇಕು. ನನ್ನ ಅಭಿಪ್ರಾಯದಲ್ಲಿ ಕಾರ್ಪಸ್ಸಿನ ಬಡ್ಡಿ ಕಾರ್ಪಸ್ಸಿಗೇ ಸೇರಬೇಕು. ಲಿಫ್ಟ್ ಬದಲಾಯಿಸುವ, ಇಡೀ ಕಟ್ಟಡಕ್ಕೆ ಬಣ್ಣ ಹೊಡೆಸುವ ಕಾಲ ಬಂದಾಗ ಅಸಲಷ್ಟೇ ಸಾಲುವುದಿಲ್ಲ.

ಮೂರನೆಯದು ಜನವರಿಯಲ್ಲಿ ಎಸ್‌ಟಿಪಿಗೆ ಹಾಕಿಸಿದ ಹೊಸ ಬ್ಲೋವರ್ ಮತ್ತು ಅದರ ಕಂಟ್ರೋಲ್ ಪ್ಯಾನೆಲ್. ಹಳೆಯದು ಕೆಟ್ಟು ನಿಂತು, ನೆಲಮಾಳಿಗೆಯ ವಾಸನೆ ಎರಡನೇ ಮಹಡಿಯವರೆಗೂ ಬಂದದ್ದು ತಮಗೆ ನೆನಪಿರಬಹುದು. ಅದಕ್ಕೆ ಖಾತೆಯಿಂದ ಹೋದದ್ದು 3,70,000 ರೂಪಾಯಿ. ಆದರೆ ಆದಾಯ-ವೆಚ್ಚ ಪಟ್ಟಿಯಲ್ಲಿ ಈ ಮೊತ್ತವನ್ನು ಹುಡುಕಿದರೆ ಸಿಗದು. ಹಲವು ವರ್ಷ ಬಾಳುವ ಯಂತ್ರವಾದ್ದರಿಂದ ಅದು ಆಸ್ತಿಯ ಪಟ್ಟಿಗೆ ಸೇರುತ್ತದೆ, ವರ್ಷವರ್ಷವೂ ಸವಕಳಿಯ ರೂಪದಲ್ಲಿ ಸ್ವಲ್ಪಸ್ವಲ್ಪವೇ ವೆಚ್ಚವಾಗುತ್ತದೆ. ಯಂತ್ರಗಳಿಗೆ ನಾವು ಶೇಕಡಾ 15ರ ಸವಕಳಿ ಹಾಕುತ್ತೇವೆ. ಇದನ್ನು ಕೊಂಡು ಆರು ತಿಂಗಳೂ ಆಗಿರಲಿಲ್ಲವಾದ್ದರಿಂದ ಈ ವರ್ಷ ಅದರ ಅರ್ಧ, ಅಂದರೆ 27,750 ರೂಪಾಯಿ ಮಾತ್ರ ವೆಚ್ಚದಲ್ಲಿ ಕಾಣುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ಬಾಬ್ತುಗಳೂ ಇವೆ. ಅವನ್ನು ಮುಚ್ಚಿಟ್ಟರೆ ಲೆಕ್ಕ ಕೂಡುವುದಿಲ್ಲ. ಎಲ್ಲ ಆಸ್ತಿಗಳ ಮೇಲಿನ ಒಟ್ಟು ಸವಕಳಿ 1,60,000 ರೂಪಾಯಿ ವೆಚ್ಚದಲ್ಲಿ ಸೇರಿದೆಯಾದರೂ ಅದಕ್ಕಾಗಿ ಯಾರಿಗೂ ಹಣ ಕೊಟ್ಟಿಲ್ಲ. ಮೂವರು ಸದಸ್ಯರು ಮುಂದಿನ ವರ್ಷದ ಮೇಂಟೆನೆನ್ಸ್ 1,62,000ವನ್ನು ಮಾರ್ಚ್‌ನಲ್ಲೇ ಕಟ್ಟಿದ್ದಾರೆ. ವರ್ಷದ ಕೊನೆಗೆ ಕೊಡಬೇಕಾಗಿ ಉಳಿದ ಬಿಲ್‌ಗಳು ಹಿಂದಿನ ವರ್ಷ 2,40,000 ಇದ್ದವು, ಈ ವರ್ಷ 2,88,000 ಆಗಿವೆ. ಹೀಗೆ ಇನ್ನೂ ಕೊಡದ ಹೆಚ್ಚಿನ 48,000 ಖಾತೆಯಲ್ಲೇ ಇದೆ. ಈಗ ಕೂಡಿ ಕಳೆದು ನೋಡಿ: 8,20,000ಕ್ಕೆ ಈ ಮೂರನ್ನು ಸೇರಿಸಿದರೆ 11,90,000. ಅದರಿಂದ ಬಾಕಿಯ ಏರಿಕೆ, ಬಡ್ಡಿ ಮತ್ತು ಬ್ಲೋವರ್ ಸೇರಿ 10,50,000 ಕಳೆದರೆ ಉಳಿಯುವುದು 1,40,000. ಪಾಸ್‌ಬುಕ್ ಹೇಳುವುದೂ ಅದನ್ನೇ.

ಹಾಗಾದರೆ ಖಾತೆಯಲ್ಲಿರುವ 6,50,000ವನ್ನಾದರೂ ಖರ್ಚು ಮಾಡಬಹುದೇ? ಅದರಲ್ಲಿ 1,62,000 ಮುಂಗಡವಾಗಿ ಕಟ್ಟಿದ ಆ ಮೂವರು ಸದಸ್ಯರ ಮನೆಗಳ ಮುಂದಿನ ಹನ್ನೆರಡು ತಿಂಗಳ ಸೇವೆಗೆ ಮೀಸಲು. ಇನ್ನು 2,88,000 ಮಾರ್ಚ್ ತಿಂಗಳ ಬೆಸ್ಕಾಂ ಬಿಲ್, ನೀರಿನ ಟ್ಯಾಂಕರ್ ಮತ್ತು ಸೆಕ್ಯುರಿಟಿ ಏಜೆನ್ಸಿಯ ಬಾಬ್ತಿಗೆ ಏಪ್ರಿಲ್ ಮೊದಲ ವಾರದಲ್ಲೇ ಹೋಗಬೇಕಾದದ್ದು. ಇವೆರಡನ್ನೂ ತೆಗೆದರೆ ಯಾವ ಹಂಗೂ ಇಲ್ಲದೆ ನಮ್ಮದೆನ್ನಬಹುದಾದ ಹಣ 2,00,000 ರೂಪಾಯಿ. ಸವಕಳಿ ಬಿಟ್ಟು ಸಂಘದ ತಿಂಗಳ ಖರ್ಚು ಸುಮಾರು 3,77,000. ಅಂದರೆ ಸುಮಾರು 16 ದಿನ ನಡೆಸುವಷ್ಟು ಹಣ ನಮ್ಮಲ್ಲಿದೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಸಂಖ್ಯೆ ಹೆಚ್ಚಿದರೆ ಅಷ್ಟೂ ದಿನ ಬರುವುದಿಲ್ಲ. 8,20,000 ಇದೆಯೆಂದು ನಂಬಿ ಏಪ್ರಿಲ್‌ನಲ್ಲೇ ಆಟದ ಜಾಗದ ಕೆಲಸಕ್ಕೆ ಒಪ್ಪಿಗೆ ಕೊಟ್ಟಿದ್ದರೆ, ಗುತ್ತಿಗೆದಾರರ ಎರಡನೇ ಕಂತಿನ ಹೊತ್ತಿಗೆ ಒಂದೋ ಕಾವಲುಗಾರರ ಸಂಬಳ ನಿಲ್ಲಬೇಕಿತ್ತು, ಇಲ್ಲವೇ ಕಾರ್ಪಸ್ ಠೇವಣಿಯನ್ನು ಅವಧಿಗೆ ಮುಂಚೆ ಮುರಿಯಬೇಕಿತ್ತು.

ಮೇಂಟೆನೆನ್ಸ್ ಇಳಿಸುವುದನ್ನೂ ನಾನು ಇದೇ ಕಾರಣಕ್ಕೆ ಈಗ ಒಪ್ಪಲಾರೆ. ಇಳಿಸಿದರೆ ಕಡಿಮೆಯಾಗುವುದು ತಪ್ಪದೆ ಕಟ್ಟುವವರಿಂದ ಬರುವ ಹಣವೇ, ಕಟ್ಟದವರಿಂದ ಬರಬೇಕಾದದ್ದು ಬಾಕಿಯಾಗಿಯೇ ಇರುತ್ತದೆ.

ಆದ್ದರಿಂದ ವಾರ್ಷಿಕ ಸಭೆಯ ಮುಂದೆ ಮೂರು ಠರಾವುಗಳನ್ನು ಇಡುತ್ತಿದ್ದೇನೆ. ಇನ್ನು ಮುಂದೆ ಕಾರ್ಪಸ್ ಬಡ್ಡಿಯನ್ನು ಹೆಚ್ಚುವರಿಯೊಳಗೆ ಬಿಡದೆ ಕಾರ್ಪಸ್ ನಿಧಿಗೆ ವರ್ಗಾಯಿಸಬೇಕು. ಆದಾಯ-ವೆಚ್ಚ ಪಟ್ಟಿಯ ಜೊತೆಗೆ, ಬ್ಯಾಂಕಿಗೆ ನಿಜಕ್ಕೂ ಬಂದ ಮತ್ತು ಬ್ಯಾಂಕಿನಿಂದ ಹೋದ ಹಣದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಮಕ್ಕಳ ಆಟದ ಜಾಗಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟು, ಬಾಕಿಯಲ್ಲಿ 4,00,000 ರೂಪಾಯಿ ವಸೂಲಾಗಿ ಖಾತೆಗೆ ಬಂದ ಮೇಲೆಯೇ ಕೆಲಸದ ಆದೇಶ ನೀಡಬೇಕು. ಮನೆವಾರು ಬಾಕಿಯ ವಿವರ ಸಂಘದ ಕಚೇರಿಯಲ್ಲಿದೆ. ಸಭೆಗೆ ಮೊದಲು ಪ್ರತಿಯೊಬ್ಬರೂ ಬಂದು ತಮ್ಮ ಮನೆಯ ಲೆಕ್ಕವನ್ನು ತಾಳೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಖಜಾಂಚಿ