ಗೆದ್ದರೆ ಎರಡು, ಸೋತರೆ ಹದಿನೆಂಟು

ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಚೆಸ್ ಆಡುವ ಹತ್ತು ಜನ ಇದ್ದೆವು. ಯಾರು ಮೇಲು, ಯಾರು ಕೀಳು ಅನ್ನುವ ಜಗಳ ಆಟಕ್ಕಿಂತ ಜೋರಾಗಿತ್ತು. ಗೆಲುವುಗಳನ್ನು ಎಣಿಸೋಣ ಅಂದರೆ ಒಬ್ಬ ಮಹಾಶಯ ದಿನವೂ ನನ್ನನ್ನೇ ಹುಡುಕಿಕೊಂಡು ಬಂದು ಗೆದ್ದು ಹೋಗುತ್ತಿದ್ದ. ನನ್ನಂಥವನನ್ನು ನಲವತ್ತು ಸಲ ಸೋಲಿಸಿದರೂ ಅದೇನು ಸಾಧನೆ? ಕೊನೆಗೆ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು. ಆಟ ಬಾರದವನಿಗೆ ಪುಸ್ತಕ ಕೊಡುವುದು ವಾಡಿಕೆ ಇರಬೇಕು.

ನಾನು ಹಿಡಿದದ್ದು ಎಲೋ ಪದ್ಧತಿ. ಎಲೋ ಅನ್ನುವುದು ಯಾವುದೋ ಮೂರು ಪದಗಳ ಮೊದಲಕ್ಷರ ಅಂದುಕೊಂಡವರು ಬಹಳ. ಅಲ್ಲ, ಅದೊಬ್ಬರ ಹೆಸರು. ಆರ್ಪಾದ್ ಎಲೋ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸಿದವರು, ಚೆಸ್ ಆಟಗಾರರೂ ಹೌದು. ಅವರ ಲೆಕ್ಕವನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ ಒಪ್ಪಿಕೊಂಡಿತು, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿ.

ಉಪಾಯ ಸರಳ. ಆಟಕ್ಕೆ ಮೊದಲೇ ಇಬ್ಬರ ಅಂಕ ನೋಡಿ, ಯಾರಿಂದ ಎಷ್ಟು ನಿರೀಕ್ಷಿಸಬಹುದು ಅಂತ ಬರೆದಿಡುವುದು. ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ ಸೊನ್ನೆ. ಆಟ ಮುಗಿದ ಮೇಲೆ ನಿಜವಾಗಿ ಬಂದದ್ದರಲ್ಲಿ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಒಂದು ಸಂಖ್ಯೆಯಿಂದ ಗುಣಿಸಿ ಹಳೆಯ ಅಂಕಕ್ಕೆ ಸೇರಿಸುವುದು. ಆ ಸಂಖ್ಯೆಗೆ ಕೆ ಅನ್ನುತ್ತಾರೆ. ನಾನು 20 ಇಟ್ಟುಕೊಂಡೆ. ಎಲ್ಲರಿಗೂ 1500ರಿಂದ ಶುರು. ನಿರೀಕ್ಷೆಯ ಸೂತ್ರ ಇಷ್ಟೇ:

```
E = 1 / (1 + 10^((Rb - Ra) / 400))
```

ಇದನ್ನು ನೋಡಿ ಹೆದರಬೇಕಿಲ್ಲ. E ಅಂದರೆ ನಿರೀಕ್ಷೆ, Ra ನಮ್ಮ ಅಂಕ, Rb ಎದುರಾಳಿಯ ಅಂಕ. ಅಂಕ ಸಮ ಇದ್ದರೆ ಅರ್ಧ ಬರುತ್ತದೆ. ನೂರರ ಅಂತರವಿದ್ದರೆ ಮೇಲಿನವರಿಗೆ 0.64, ನಾನೂರರ ಅಂತರವಿದ್ದರೆ 0.91. ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಒಂದು ವರ್ಷ ಕಳೆಯುವಷ್ಟರಲ್ಲಿ ನಮ್ಮ ಹಿರಿಯರೊಬ್ಬರು 1800ಕ್ಕೆ ಏರಿ ಕೂತರು. ನಾನು 1400ಕ್ಕೆ ಇಳಿದು ಹಾಯಾಗಿದ್ದೆ. ಒಂದು ದಿನ ಅವರ ಹತ್ತಿರ ರಾಣಿ, ಆನೆ ಎಲ್ಲ ಇತ್ತು, ನನ್ನ ಹತ್ತಿರ ರಾಜ ಮಾತ್ರ. ಗೆಲ್ಲುವ ಅವಸರದಲ್ಲಿ ನನ್ನ ರಾಜನಿಗೆ ಚೆಕ್ ಕೊಡದೆ ಸುತ್ತಲಿನ ಮನೆಗಳನ್ನೆಲ್ಲ ಮುಚ್ಚಿಬಿಟ್ಟರು. ನಡೆಸಲು ನಡೆಯೇ ಇಲ್ಲ. ಸ್ಟೇಲ್‌ಮೇಟ್, ಅಂದರೆ ಡ್ರಾ.

ಸಂಜೆ ಪಟ್ಟಿ ಹಾಕಿದೆ. ಅವರದು 1792, ನನ್ನದು 1408.

"ಇದೇನ್ರೀ, ನಾನು ಸೋತೆನಾ?" ಅಂದರು.

"ಇಲ್ಲ ಸರ್, ಡ್ರಾ."

"ಮತ್ತೆ ಎಂಟು ಅಂಕ ಯಾಕೆ ಹೋಯಿತು?"

ಅವರಿಂದ ನಿರೀಕ್ಷಿಸಿದ್ದು 0.91. ಬಂದದ್ದು ಅರ್ಧ. ಕೊರತೆ 0.41, ಅದರ ಇಪ್ಪತ್ತು ಪಟ್ಟು ಅಂದರೆ ಎಂಟು ಚಿಲ್ಲರೆ. ಇಷ್ಟು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಆದರೆ ಲೆಕ್ಕ ಅರ್ಥವಾಯಿತು, ಅದೇ ತೊಂದರೆಯಾಯಿತು. ನನ್ನೆದುರು ಗೆದ್ದರೆ ಅವರಿಗೆ ಸಿಗುವುದು ಎರಡಕ್ಕೂ ಕಡಿಮೆ, ಸೋತರೆ ಹೋಗುವುದು ಹದಿನೆಂಟು. ಹನ್ನೊಂದು ಆಟದಲ್ಲಿ ಹತ್ತು ಗೆದ್ದು ಒಂದು ಸೋತರೆ ಇದ್ದಲ್ಲೇ ಇರುತ್ತಾರೆ. ನ್ಯಾಯವಾದ ಲೆಕ್ಕವೇ, ಅಂತರ 400 ಅಂದರೆ ಅರ್ಥವೇ ಅದು. ಆದರೆ ಹತ್ತು ಗೆಲುವಿನ ಖುಷಿಯನ್ನು ಒಂದು ಸೋಲು ನುಂಗುತ್ತದೆ ಅಂದರೆ ಯಾರಿಗೆ ತಡೆದೀತು? ಮರುದಿನದಿಂದ ಅವರಿಗೆ ಊಟವಾದ ಮೇಲೆ ತಲೆನೋವು ಬರತೊಡಗಿತು. ನನ್ನ ಜೊತೆ ಮಾತ್ರವಲ್ಲ, ಯಾರ ಜೊತೆಗೂ ಆಡಲಿಲ್ಲ.

ಎಲೋ ಪದ್ಧತಿಯಲ್ಲಿ ಆಡದಿದ್ದರೆ ಅಂಕ ಕದಲುವುದಿಲ್ಲ. ಉಪ್ಪಿನಕಾಯಿ ಭರಣಿಯ ಹಾಗೆ ಹತ್ತು ವರ್ಷವಾದರೂ ಇಟ್ಟಲ್ಲೇ ಇರುತ್ತದೆ. ಇದನ್ನು ಕಂಡೇ ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಗ್ಲಿಕೋ ಅನ್ನುವ ಬೇರೆ ಪದ್ಧತಿ ಮಾಡಿದರು. ಅದರಲ್ಲಿ ಅಂಕದ ಜೊತೆಗೆ ಅದನ್ನು ಎಷ್ಟು ನಂಬಬಹುದು ಅನ್ನುವ ಇನ್ನೊಂದು ಸಂಖ್ಯೆ ಇರುತ್ತದೆ. ಆಡದೆ ಕೂತಷ್ಟೂ ನಂಬಿಕೆ ಕಡಿಮೆಯಾಗುತ್ತದೆ. ಅದನ್ನು ತರೋಣವಾ ಅಂತ ಕೇಳಿದೆ. ಹಿರಿಯರು ನನ್ನನ್ನು ನೋಡಿದ ರೀತಿಗೆ ಸುಮ್ನಾದೆ.

ಅಷ್ಟರಲ್ಲಿ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಎಲ್ಲರಂತೆ ಅವಳಿಗೂ 1500 ಕೊಟ್ಟೆ. ಮೊದಲ ವಾರದಲ್ಲೇ ನಾಲ್ವರನ್ನು ಮಲಗಿಸಿದಳು. ಆಗ ನನ್ನ ಪುಸ್ತಕದ ನಿಜವಾದ ಹುಳುಕು ಕಂಡಿತು.

ನೋಡಿ, ಕೆ ಎಲ್ಲರಿಗೂ ಒಂದೇ ಆದರೆ ಒಬ್ಬರಿಗೆ ಸೇರಿದ ಅಂಕ ಇನ್ನೊಬ್ಬರ ಜೇಬಿನಿಂದಲೇ ಬರಬೇಕು. ನಾವು ಹತ್ತು ಜನರ ಒಟ್ಟು ಅಂಕ 15,000. ವರ್ಷವಿಡೀ ಆಡಿದರೂ ಅಷ್ಟೇ, ಕೈ ಬದಲಾಗುತ್ತದೆ, ಒಟ್ಟು ಬದಲಾಗುವುದಿಲ್ಲ. ಅವಳ ಆಟ 1900ರ ಮಟ್ಟದ್ದು ಅಂತಿಟ್ಟುಕೊಳ್ಳಿ. ಅಲ್ಲಿಗೆ ಏರಲು ಬೇಕಾದ 400 ಅಂಕವನ್ನು ನಾವೇ ಕೊಡಬೇಕು. ನಮ್ಮ ಆಟವೇನೂ ಕೆಟ್ಟಿಲ್ಲ, ಆದರೂ ಎಲ್ಲರೂ ಸ್ವಲ್ಪ ಸ್ವಲ್ಪ ಕುಗ್ಗುತ್ತೇವೆ. ನಿಜವಾದ ಚೆಸ್ ಲೋಕದಲ್ಲೂ ಇದೇ ಗೋಳು. ಮಕ್ಕಳು ಕಡಿಮೆ ಅಂಕದಿಂದ ಬರುತ್ತಾರೆ, ಅಂಕಕ್ಕಿಂತ ಬೇಗ ಕಲಿಯುತ್ತಾರೆ, ದಾರಿಯಲ್ಲಿ ಸಿಕ್ಕ ದೊಡ್ಡವರಿಂದ ಅಂಕ ಕಿತ್ತುಕೊಂಡು ಮೇಲೆ ಹೋಗುತ್ತಾರೆ.

ಅದಕ್ಕೇ ಫಿಡೆ ಹೊಸಬರಿಗೆ ಮೊದಲ 30 ಆಟ ಕೆ 40 ಇಡುತ್ತದೆ. ಆಮೇಲೆ 20, 2400 ಮುಟ್ಟಿದವರಿಗೆ 10. ಹೊಸಬರ ಅಂಕ ಸುಮ್ನೆ ಊಹೆ, ಅದು ಬೇಗ ಸರಿಹೋಗಲಿ, ಹಳಬರದು ಅಲ್ಲಾಡದಿರಲಿ ಅಂತ. ಇದೂ ಸಾಲದೆ 2024ರ ಮಾರ್ಚ್‌ನಲ್ಲಿ 2000ಕ್ಕಿಂತ ಕೆಳಗಿದ್ದವರ ಅಂಕವನ್ನು ಒಮ್ಮೆಗೇ ಏರಿಸಿದರು. 2000ಕ್ಕೆ ಎಷ್ಟು ಕೊರತೆಯೋ ಅದರ ನೂರಕ್ಕೆ ನಲವತ್ತು ಭಾಗ ಸೇರಿಸಿ, 1500 ಇದ್ದವರನ್ನು 1700 ಮಾಡಿದರು. ಒಂದೂ ಆಟ ಆಡದೆ ಇನ್ನೂರು! ನನಗೆ ಇದು ಸ್ವಲ್ಪ ಅಕ್ರಮ ಅನಿಸಿತು. ಆದರೆ ಎಲ್ಲರ ಅಳತೆಕೋಲೂ ಕುಗ್ಗಿದ್ದರೆ ಕೋಲನ್ನೇ ತಿದ್ದಬೇಕಲ್ವಾ?

ನಾನೂ ಅವಳಿಗೆ 40 ಮಾಡಿದೆ. ನಮ್ಮಿಬ್ಬರ ಆಟದಲ್ಲಿ ಅವಳು 1500, ನಾನು 1408 ಅಂತ ಇಟ್ಟು ಲೆಕ್ಕ ಹಾಕಿದರೆ, ಅವಳು ಗೆದ್ದಾಗ ಅವಳಿಗೆ ಹದಿನೈದು ಬಂತು, ನನ್ನಿಂದ ಏಳೇ ಹೋಯಿತು. ಉಳಿದ ಎಂಟು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ, ನಾನೇ ಅಚ್ಚು ಹಾಕಿದ್ದು. ಸರ್ಕಾರ ನೋಟು ಮುದ್ರಿಸುವಾಗ ಹೀಗೇ ಅನಿಸುತ್ತದೇನೋ. ಮೂವತ್ತು ಆಟ ಮುಗಿಯುವಷ್ಟರಲ್ಲಿ ಅವಳು 1780 ಮುಟ್ಟಿದ್ದಳು.

ಇದಕ್ಕೆಲ್ಲ ಎಲೋ ಅವರೇ ಒಂದು ಹೋಲಿಕೆ ಕೊಟ್ಟಿದ್ದರು. ನೀರಿನ ಮೇಲೆ ಏಳುತ್ತಾ ಬೀಳುತ್ತಾ ಇರುವ ಬಿರಡೆ ಎಲ್ಲಿದೆ ಅಂತ, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆದ ಹಾಗಂತೆ ಈ ಕೆಲಸ. ಪದ್ಧತಿ ಕಟ್ಟಿದವರೇ ಹೀಗಂದ ಮೇಲೆ ನಾನು ಒಂದೆರಡು ಅಂಕಕ್ಕೆ ಜಗಳಕ್ಕೆ ಬಂದವರ ಮುಖ ನೋಡುವುದನ್ನೇ ಬಿಟ್ಟೆ.

ಹಿರಿಯರಿಗೆ ವರ್ಗವಾಯಿತು. ಹೋಗುವಾಗ ನಮ್ಮ ಗುಂಪಿನಿಂದ ಗಳಿಸಿದ 292 ಅಂಕವನ್ನೂ ಹೊತ್ತುಕೊಂಡೇ ಹೋದರು. ಇನ್ನು ಅದು ನಮಗೆ ಯಾರಿಗೂ ವಾಪಸ್ ಬರುವುದಿಲ್ಲ. ಮೊನ್ನೆ ಫೋನ್ ಮಾಡಿದ್ದರು. ಕುಶಲೋಪರಿ ಮುಗಿಯಿತು.

"ಪಟ್ಟಿ ಇನ್ನೂ ಬರೀತಿದ್ದೀರಾ?"

"ಹೂಂ ಸರ್."

"ಮೇಲೆ ಯಾರಿದ್ದಾರೆ?"

"ನೀವೇ. 1792. ಆ ಹುಡುಗಿ 1788."

ಸ್ವಲ್ಪ ಹೊತ್ತು ಮಾತಿಲ್ಲ.

"ಅವಳು ಇವತ್ತು ಆಡ್ತಾಳಾ?" ಅಂದರು.