ಸಿನಿಮಾ ಮುಗಿದ ಮೇಲೆ ಬರುವ ಆ ಒಂದು ಸಾಲು

ನಮ್ಮ ಏಳು ನಿಮಿಷದ ಅನಿಮೇಷನ್ ಕಿರುಚಿತ್ರದ ಕೊನೆಯ ರೆಂಡರ್ ಮುಗಿದ ರಾತ್ರಿ, ಇನ್ನೇನು ಚಿತ್ರೋತ್ಸವ, ಅನುದಾನಗಳ ಫಾರ್ಮ್ ತುಂಬಿ ಕಳಿಸಿದರಾಯ್ತು ಅಂದುಕೊಂಡಿದ್ದೆ. ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಬೇಕಾದ ಲಾಗ್‌ಲೈನ್ ಎಂಬ ಖಾನೆಯ ಮುಂದೆ ಎರಡು ದಿನ ಕೂತೆ.

ಮೊದಲು ಬರೆದದ್ದು: 'ಕಾಲ, ನೆನಪು ಮತ್ತು ಒಂಟಿತನದ ಕಾವ್ಯಾತ್ಮಕ ಪಯಣ.' ಓದಿದ ಗೆಳತಿ 'ಇದರಲ್ಲಿ ಯಾರಿದ್ದಾರೆ?' ಅಂದಳು. ಯಾರೂ ಇರಲಿಲ್ಲ. ತಿದ್ದಿದ್ದು ಹೀಗೆ: 'ಕಣ್ಣು ಮಂಜಾಗುತ್ತಿರುವ ಗಡಿಯಾರ ರಿಪೇರಿಯ ಮುದುಕ, ತೀರಿಹೋದ ಹೆಂಡತಿಯ ವಾಚನ್ನು ಮತ್ತೆ ನಡೆಸಲು ಹಟ ತೊಡುತ್ತಾನೆ, ಅದಕ್ಕೆ ಬೇಕಾದ ಹಲ್ಲುಚಕ್ರ ಇರುವುದು ಅವನದೇ ವಾಚಿನೊಳಗೆ.' ಯಾರು, ಏನು ಬೇಕು, ಏನು ಅಡ್ಡ. ಅಷ್ಟೇ. ಚಿತ್ರದ 'ಅರ್ಥ' ಹೇಳುವ ಚಪಲ ಇದ್ದರೆ ನಿರ್ದೇಶಕರ ಮಾತು ಎಂಬ ಬೇರೆ ಖಾನೆ ಇರುತ್ತದೆ, ಅಲ್ಲಿ ತೀರಿಸಿಕೊಳ್ಳಿ.

ಸಾರಾಂಶದಲ್ಲಿ ಎಲ್ಲರೂ ಎಡವುವುದು ಕಥೆಯ ಕೊನೆಯನ್ನು ಹೇಳಬೇಕೇ ಬೇಡವೇ ಎಂಬಲ್ಲಿ. ಉತ್ಸವದ ಕ್ಯಾಟಲಾಗಿನಲ್ಲಿ ಅಚ್ಚಾಗುವ ಐವತ್ತು ಪದದ ಸಾರಾಂಶ ಪ್ರೇಕ್ಷಕರಿಗೆ, ಅದು ಮುದುಕ ತನ್ನ ವಾಚಿನ ಹಿಂಬದಿ ಬಿಚ್ಚುವಲ್ಲಿಗೆ ನಿಲ್ಲಬೇಕು. ಅನುದಾನದವರು ಕೇಳುವ ದೀರ್ಘ ಸಾರಾಂಶದಲ್ಲಿ ಮಾತ್ರ ಗುಟ್ಟು ಬೇಡ. ಅವನ ವಾಚು ನಿಂತಿತು, ಕತ್ತಲಲ್ಲಿ ಅವಳದನ್ನು ಕಿವಿಗೆ ಹಿಡಿದು ಕೂತ ಅಂತ ಪೂರ್ತಿ ಬರೆಯಿರಿ. 'ಮುಂದೇನಾಯಿತು?' ಎಂದು ಮುಗಿಸಿದರೆ ಕಥೆಗೆ ಕೊನೆಯೇ ಇಲ್ಲವೇನೋ ಎಂಬ ಅನುಮಾನ ಬರುತ್ತದೆ.

ಅನುದಾನದ್ದು ಇನ್ನೊಂದು ಪೇಚು. ಆಗಲೇ ಖರ್ಚಾದ ಹಣವನ್ನು ಸಾಮಾನ್ಯವಾಗಿ ಯಾರೂ ತುಂಬಿಕೊಡುವುದಿಲ್ಲ. ಮುಗಿದ ಚಿತ್ರಕ್ಕೂ ಕೊಡುತ್ತಾರೆಯೇ ಎಂದು ನಿಯಮ ಓದಿ, ಬಾಕಿ ಇರುವ ಕೆಲಸಕ್ಕಷ್ಟೇ ಬಜೆಟ್ ಬರೆಯಿರಿ: ಚಿತ್ರಮಂದಿರದಲ್ಲಿ ಓಡಿಸಲು ಬೇಕಾದ ಡಿಸಿಪಿ ಎಂಬ ಡಿಜಿಟಲ್ ಪ್ರತಿ, ಸಬ್‌ಟೈಟಲ್, ಪ್ರಯಾಣ.

ಅರ್ಜಿಯ ಜೊತೆ ಕೊಡುವ ಸ್ಟಿಲ್‌ಗಳನ್ನು ನಾನು, ಚಿತ್ರ ನೋಡಲೆಂದು ಅವರಿಗೆ ಕೊಡುವ ಲಿಂಕಿನ ವಿಡಿಯೋ ಓಡಿಸಿ ಸ್ಕ್ರೀನ್‌ಶಾಟ್ ಹೊಡೆದಿದ್ದೆ. ದೊಡ್ಡದು ಮಾಡಿ ನೋಡಿದರೆ ಕತ್ತಲ ಗೋಡೆಯ ಮೇಲೆ ಮೆಟ್ಟಿಲಿನಂಥ ಪಟ್ಟೆಗಳು, ಮುದುಕನ ಕೈಗೆ ಏಳೆಂಟು ಬೆರಳು! ಪಟ್ಟೆ ಕಂಪ್ರೆಷನ್‌ನದು. ಬೆರಳು ನಮ್ಮದೇ: ವೇಗದ ಚಲನೆಗೆಂದು ಬರೆದ ಸ್ಮಿಯರ್ ಫ್ರೇಮ್, ಓಡುವಾಗ ಗೊತ್ತೇ ಆಗದು, ನಿಲ್ಲಿಸಿದರೆ ಭೂತ. ಆಮೇಲೆ ಪಾತ್ರ ಭಂಗಿ ಹಿಡಿದು ನಿಂತ ಫ್ರೇಮ್‌ಗಳನ್ನೇ ಹುಡುಕಿ, ಮೂಲ ರೆಂಡರಿನಿಂದ ಪೂರ್ಣ ಅಳತೆಯ ಪಿಎನ್‌ಜಿ ತೆಗೆದೆವು. ಐದು ಸಾಕು, ಒಂದರಲ್ಲಾದರೂ ಮುಖ ಕಾಣಲಿ.

ಇನ್ನು ಲಿಂಕು. ಸದ್ದಿನ ಒಂದು ತಪ್ಪು ತಿದ್ದಿ ಹೊಸದಾಗಿ ಅಪ್‌ಲೋಡ್ ಮಾಡಿ, ಹಳೆಯದನ್ನು ಅಳಿಸಿಬಿಟ್ಟೆ. ಆಗಲೇ ಕಳಿಸಿದ್ದ ಮೂರು ಅರ್ಜಿಗಳಲ್ಲಿ ಇದ್ದದ್ದು ಹಳೆಯ ಲಿಂಕು. ಅದೇ ಲಿಂಕಿನಲ್ಲೇ ಫೈಲ್ ಬದಲಿಸುವ ಸೌಲಭ್ಯ ಕೆಲವು ತಾಣಗಳಲ್ಲಿದೆ ಅಂತ ತಿಳಿದದ್ದು, ಒಂದು ಉತ್ಸವದವರು 'ನಿಮ್ಮ ವಿಡಿಯೋ ತೆರೆಯುತ್ತಿಲ್ಲ' ಎಂದು ಬರೆದಾಗ. ಉಳಿದ ಇಬ್ಬರು ಬರೆಯಲೇ ಇಲ್ಲ.